ಹಳೇ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿದರೆ ನಿಜವಾಗಿ ಏನು ಬದಲಾಗುತ್ತದೆ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ ಹತ್ತು ವರ್ಷ ಹಳೆಯದು. ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಆನ್ ಮಾಡಿದರೆ ಕೆಲಸಕ್ಕೆ ಸಿಗಲು ಐದಾರು ನಿಮಿಷ ಬೇಕು. ಜಾಗ ಜಾಸ್ತಿ ಇರಲಿ ಅಂತ 1 ಟಿಬಿಯ ಹೊಸ ಹಾರ್ಡ್ ಡಿಸ್ಕ್ ಹಾಕಿಸೋಣ ಅಂದುಕೊಂಡಿದ್ದೆ. ಗೆಳೆಯ ಎಸ್‌ಎಸ್‌ಡಿನೇ ಹಾಕಿಸು ಅಂತಾನೆ. ದಿನದ ಬಳಕೆಯಲ್ಲಿ ನಿಜವಾಗಿ ಏನು ವ್ಯತ್ಯಾಸ ಆಗುತ್ತೆ? ಸುಮಾರು 200 ಜಿಬಿ ಫೋಟೊಗಳಿವೆ, ಅವು ಮಾತ್ರ ಹೋಗಬಾರದು.

ಉತ್ತರ:

ನಿಮ್ಮ ಗೆಳೆಯರು ಹೇಳಿದ್ದು ಸರಿ, ಎಸ್‌ಎಸ್‌ಡಿ ಹಾಕಿಸಿ. ಆದರೆ ದುಡ್ಡು ಕೊಡುವ ಮುಂಚೆ ಐದು ನಿಮಿಷದ ಒಂದು ಪರೀಕ್ಷೆ ಮಾಡಿ. ನಿಮ್ಮ ಲ್ಯಾಪ್‌ಟಾಪ್ ನಿಧಾನವಾಗಿರುವುದು ಡಿಸ್ಕ್‌ನಿಂದಲೇನಾ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ.

ಲ್ಯಾಪ್‌ಟಾಪ್ ಆನ್ ಮಾಡಿ. ಡೆಸ್ಕ್‌ಟಾಪ್ ಕಂಡ ತಕ್ಷಣ `Ctrl + Shift + Esc` ಒತ್ತಿ. Task Manager ತೆರೆಯುತ್ತದೆ. ಅದರಲ್ಲಿ Performance, ಆಮೇಲೆ Disk ಆರಿಸಿ ಸುಮ್ನೆ ನೋಡುತ್ತಾ ಕೂತುಕೊಳ್ಳಿ. ಅಲ್ಲಿ Active time, Average response time, Read speed ಅಂತ ಮೂರು ಸಂಖ್ಯೆ ಓಡುತ್ತಿರುತ್ತವೆ. ಜೊತೆಗೆ CPU ಎಷ್ಟು ಶೇಕಡಾ ಅನ್ನುವುದನ್ನೂ ನೋಡಿಕೊಳ್ಳಿ.

ನಮ್ಮ ಅಕ್ಕನ ಲ್ಯಾಪ್‌ಟಾಪ್ ಹೆಚ್ಚು ಕಡಿಮೆ ನಿಮ್ಮದರ ಹಾಗೇ ಇತ್ತು. ಅದರಲ್ಲಿ ನಾನು ನೋಡಿದ್ದು ಹೀಗಿತ್ತು: ಡಿಸ್ಕ್ ಪೂರ್ತಿ 100%, ರೆಸ್ಪಾನ್ಸ್ ಟೈಮ್ 300ರಿಂದ 700 ಮಿಲಿಸೆಕೆಂಡ್, ಓದುವ ವೇಗ ಸೆಕೆಂಡಿಗೆ 1ರಿಂದ 2 ಎಂಬಿ, ಸಿಪಿಯು 25%. ಈ ನಾಲ್ಕನ್ನೂ ಒಟ್ಟಿಗೆ ಓದಬೇಕು. ಡಿಸ್ಕ್‌ಗೆ ಬಿಡುವೇ ಇಲ್ಲ, ಆದರೆ ಅದು ಓದಿ ಕೊಡುತ್ತಿರುವುದು ಸೆಕೆಂಡಿಗೆ ಒಂದೋ ಎರಡೋ ಎಂಬಿ. ಪ್ರೊಸೆಸರ್ ಮುಕ್ಕಾಲು ಹೊತ್ತು ಖಾಲಿ ಕೂತಿದೆ. ಅಂದರೆ ಇಡೀ ಯಂತ್ರ ಡಿಸ್ಕ್‌ಗಾಗಿ ಕಾಯುತ್ತಿದೆ. ನಿಮ್ಮಲ್ಲೂ ಹೀಗೇ ಕಂಡರೆ ಎಸ್‌ಎಸ್‌ಡಿಗೆ ಹಾಕಿದ ದುಡ್ಡು ದಂಡವಾಗುವುದಿಲ್ಲ. ಅದರ ಬದಲು ಡಿಸ್ಕ್ 10% ಮಾತ್ರ ಇದ್ದು ಸಿಪಿಯು ನಿಮಿಷಗಟ್ಟಲೆ 100%ನಲ್ಲೇ ನಿಂತಿದ್ದರೆ ತೊಂದರೆ ಬೇರೆ ಕಡೆ ಇದೆ. ಎಸ್‌ಎಸ್‌ಡಿ ಹಾಕಿದರೂ ಅದು ಹೋಗುವುದಿಲ್ಲ.

ಈಗ ಒಂದು ಪ್ರಶ್ನೆ ಬರಬೇಕು. ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರು ಎಂಬಿ ಓದುತ್ತದೆ ಅಂತಾರಲ್ಲ, ಒಂದೆರಡು ಎಂಬಿಗೆ ಯಾಕೆ ಇಳಿಯಿತು? ಹಾರ್ಡ್ ಡಿಸ್ಕ್‌ಗೂ ಎಸ್‌ಎಸ್‌ಡಿಗೂ ಇರುವ ಮುಖ್ಯ ವ್ಯತ್ಯಾಸ ಅಡಗಿರುವುದು ಇದರ ಉತ್ತರದಲ್ಲೇ.

ಹಾರ್ಡ್ ಡಿಸ್ಕ್ ಒಳಗೆ ಒಂದು ತಟ್ಟೆ ತಿರುಗುತ್ತಿರುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ಅದರ ಮೇಲೆ ಒಂದು ಸಣ್ಣ ತೋಳು ಒಳಕ್ಕೂ ಹೊರಕ್ಕೂ ಆಡುತ್ತದೆ. ತೋಳಿನ ತುದಿಯಲ್ಲಿ ಓದುವ ಹೆಡ್ ಇದೆ. ಯಾವುದೇ ಫೈಲ್ ಬೇಕಾದರೂ ತೋಳು ಮೊದಲು ಆ ಸಾಲಿಗೆ ಹೋಗಬೇಕು, ಅದಕ್ಕೆ ಸರಾಸರಿ 12 ಮಿಲಿಸೆಕೆಂಡ್ ಅಂದುಕೊಳ್ಳಿ. ಆಮೇಲೆ ಬೇಕಾದ ಜಾಗ ತಿರುಗಿ ಹೆಡ್‌ನ ಕೆಳಗೆ ಬರುವ ತನಕ ಕಾಯಬೇಕು. 5400 ಸುತ್ತಿನ ಲೆಕ್ಕದಲ್ಲಿ ಒಂದು ಸುತ್ತಿಗೆ 11 ಮಿಲಿಸೆಕೆಂಡ್, ಸರಾಸರಿ ಅರ್ಧ ಸುತ್ತು ಕಾಯಬೇಕು ಅಂದರೆ ಐದೂವರೆ. ಒಟ್ಟು ಸುಮಾರು 17 ಮಿಲಿಸೆಕೆಂಡ್. ಓದುವ ಕೆಲಸ ಇನ್ನೂ ಶುರುವೇ ಆಗಿಲ್ಲ, ಇದು ಹುಡುಕುವುದಕ್ಕೇ ಹಿಡಿಯುವ ಹೊತ್ತು.

ದೊಡ್ಡ ಸಿನಿಮಾ ಫೈಲ್ ಒಂದನ್ನು ಓದುವಾಗ ಈ ಹುಡುಕಾಟ ಒಮ್ಮೆ ಆದರೆ ಸಾಕು. ಆಮೇಲೆ ತಟ್ಟೆ ತಿರುಗುತ್ತಾ ಸಾಲಾಗಿ ಓದಿಕೊಂಡು ಹೋಗುತ್ತದೆ, ನೂರು ಎಂಬಿ ವೇಗ ಸಿಗುತ್ತದೆ. ವಿಂಡೋಸ್ ಶುರುವಾಗುವಾಗ ಹಾಗಲ್ಲ. ಸಾವಿರಾರು ಚಿಕ್ಕ ಚಿಕ್ಕ ಚೂರುಗಳು ಬೇಕು, ಅವು ಡಿಸ್ಕ್ ತುಂಬಾ ಚದುರಿರುತ್ತವೆ. ಒಂದು ಲೆಕ್ಕ ಹಾಕಿ ನೋಡೋಣ. 4 ಕೆಬಿಯ 20,000 ಚೂರುಗಳನ್ನು ಓದಬೇಕು ಅಂತಿಟ್ಟುಕೊಳ್ಳಿ. ಒಟ್ಟು ಮಾಹಿತಿ ಬರೀ 80 ಎಂಬಿ, ಸಾಲಾಗಿ ಇದ್ದಿದ್ದರೆ ಒಂದು ಸೆಕೆಂಡಿನ ಕೆಲಸ. ಚದುರಿದ್ದರೆ ಒಂದೊಂದಕ್ಕೂ 17 ಮಿಲಿಸೆಕೆಂಡ್, ಅಂದರೆ 340 ಸೆಕೆಂಡ್. ಐದೂವರೆ ನಿಮಿಷ ದಾಟಿತು! ವಿಂಡೋಸ್ ಮತ್ತು ಡಿಸ್ಕ್ ಎರಡೂ ಸೇರಿ ಈ ಕೋರಿಕೆಗಳನ್ನು ಹತ್ತಿರದ್ದು ಮೊದಲು, ದೂರದ್ದು ಆಮೇಲೆ ಅಂತ ಜೋಡಿಸಿಕೊಂಡು ಒಂದಷ್ಟು ಹೊತ್ತು ಉಳಿಸುತ್ತವೆ. ಆದರೂ ನಿಮ್ಮ ಐದಾರು ನಿಮಿಷ ಎಲ್ಲಿಂದ ಬರುತ್ತಿದೆ ಅನ್ನುವುದು ಈ ಲೆಕ್ಕದಲ್ಲಿ ಕಾಣುತ್ತದೆ, ಅಲ್ವಾ? ಲ್ಯಾಪ್‌ಟಾಪ್‌ಗೆ ಕಿವಿ ಹತ್ತಿರ ತಂದರೆ ಆನ್ ಆದಾಗ ಕಿರ್ ಕಿರ್ ಅಂತ ಸದ್ದು ಕೇಳುತ್ತದೆ. ಆ ತೋಳು ಅಲ್ಲಿಂದಿಲ್ಲಿಗೆ ಓಡಾಡುವ ಸದ್ದು ಅದು.

ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಎಲ್ಲಾ ಚಿಪ್‌ಗಳು. ಯಾವ ಚೂರು ಎಲ್ಲಿದ್ದರೂ ಸುಮಾರು 0.1 ಮಿಲಿಸೆಕೆಂಡ್‌ನಲ್ಲಿ ಸಿಗುತ್ತದೆ. ಅದೇ 20,000 ಚೂರಿಗೆ ಎರಡು ಸೆಕೆಂಡ್. ಸಾಲಾಗಿ ಓದುವ ವೇಗ ಐದಾರು ಪಟ್ಟು ಹೆಚ್ಚಾದರೆ, ಚದುರಿದ ಚೂರುಗಳನ್ನು ಓದುವ ವೇಗ ನೂರು ಪಟ್ಟಿಗೂ ಜಾಸ್ತಿ ಹೆಚ್ಚುತ್ತದೆ. ನಿಮಗೆ ದಿನಾ ಅನುಭವಕ್ಕೆ ಬರುವುದು ಈ ಎರಡನೆಯದು.

ಕೊಳ್ಳುವಾಗಲೂ ಇದನ್ನೇ ನೆನಪಿಟ್ಟುಕೊಳ್ಳಿ. ಡಬ್ಬದ ಮೇಲೆ ಸೆಕೆಂಡಿಗೆ 550 ಎಂಬಿ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದು ಸಾಲಾಗಿ ಓದುವ ವೇಗ. ಡಿಸ್ಕನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಸಾಟಾ ಕನೆಕ್ಟರ್‌ನ ಮಿತಿಯೇ ಅಲ್ಲಿಗೆ ಬರುತ್ತದೆ, ಹಾಗಾಗಿ ಎಲ್ಲಾ ಕಂಪನಿಗಳೂ ಹೆಚ್ಚು ಕಡಿಮೆ ಅದೇ ಸಂಖ್ಯೆ ಬರೆಯುತ್ತವೆ. 550ಕ್ಕೂ 520ಕ್ಕೂ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮದಕ್ಕಿಂತ ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಸಾಟಾ 2 ಇದ್ದರೆ ವೇಗ 280ರ ಆಸುಪಾಸಿಗೆ ನಿಂತುಬಿಡುತ್ತದೆ. ಅಲ್ಲೂ ಹುಡುಕುವ ಹೊತ್ತು ಅಷ್ಟೇ ಕಡಿಮೆ ಇರುವುದರಿಂದ ಬಳಕೆಯಲ್ಲಿ ಅಂಥ ಕೊರತೆ ಕಾಣುವುದಿಲ್ಲ.

ನಿಮಗೆ ಬೇಕಾದ್ದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಅಂಗಡಿಯಲ್ಲಿ ಚೂಯಿಂಗ್ ಗಮ್ ಪಟ್ಟಿಯಂಥ ಎಂ.2 ಎಸ್‌ಎಸ್‌ಡಿ ತೋರಿಸಿ ಇದು ಇನ್ನೂ ಫಾಸ್ಟ್ ಅನ್ನಬಹುದು. ಅದನ್ನು ಕೂರಿಸುವ ಸ್ಲಾಟ್ ಈ ವಯಸ್ಸಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಇರುವುದಿಲ್ಲ. ಒಳಗೆ ಅಂಥದ್ದೇ ಒಂದು ಪುಟ್ಟ ಸ್ಲಾಟ್ ಕಂಡರೆ ಅದು ಹೆಚ್ಚಾಗಿ ವೈ-ಫೈ ಕಾರ್ಡಿನದ್ದು, ಎಸ್‌ಎಸ್‌ಡಿಗಲ್ಲ. ಅಡಾಪ್ಟರ್ ಹಾಕಿ ಹೇಗೋ ಹೊಂದಿಸಲು ಹೋದರೆ ಆನ್ ಆದಾಗ ವಿಂಡೋಸ್‌ಗೂ ಮುಂಚೆ ಓಡುವ ಬಯೋಸ್ ಹಳೆಯದಾದರೆ ಎನ್‌ವಿಎಂಇ ಅನ್ನುವ ಬಗೆಯ ಎಂ.2 ಎಸ್‌ಎಸ್‌ಡಿಯಿಂದ ಬೂಟ್ ಆಗುವುದಿಲ್ಲ ಅನ್ನುವ ಮತ್ತೊಂದು ತಲೆನೋವು. ನಿಮ್ಮ ಹಾರ್ಡ್ ಡಿಸ್ಕ್ ಕೂತಿರುವ ಜಾಗಕ್ಕೇ ಸಲೀಸಾಗಿ ಕೂರುವುದು 2.5 ಇಂಚಿನದ್ದು. ಒಂದೇ ವ್ಯತ್ಯಾಸ ಅಂದರೆ ದಪ್ಪ. ಹಳೇ ಡಿಸ್ಕ್ 9.5 ಮಿಲಿಮೀಟರ್ ಇರಬಹುದು, ಎಸ್‌ಎಸ್‌ಡಿ 7. ಆಡುತ್ತದೆ ಅನಿಸಿದರೆ ತೆಳು ಪ್ಲಾಸ್ಟಿಕ್ ಚೌಕಟ್ಟು ಸಿಗುತ್ತದೆ, ಮೇಲೆ ಅಂಟಿಸಿದರೆ ಆಯಿತು.

ಇನ್ನು ನೀವು ಯೋಚಿಸಿದ್ದ 1 ಟಿಬಿ ಹಾರ್ಡ್ ಡಿಸ್ಕ್ ವಿಷಯ. ಅದು ಬೇಡ ಅನ್ನಲು ಮೇಲಿನ ಲೆಕ್ಕ ಒಂದೇ ಸಾಕು. ಆದರೆ ಇನ್ನೊಂದು ಕಾರಣವೂ ಇದೆ. ಈಗ ಸಿಗುವ 2.5 ಇಂಚಿನ ದೊಡ್ಡ ಹಾರ್ಡ್ ಡಿಸ್ಕ್‌ಗಳಲ್ಲಿ ತುಂಬಾ ಜಾಗ ತುರುಕಲು ಸಾಲುಗಳನ್ನು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಅರ್ಧ ಬರುವಂತೆ ಬರೆಯುವ ಪದ್ಧತಿ ಸಾಮಾನ್ಯ. ಅದನ್ನು ಎಸ್‌ಎಂಆರ್ ಅನ್ನುತ್ತಾರೆ. ಒಂದು ಸಾಲು ತಿದ್ದಬೇಕಾದರೆ ಪಕ್ಕದ ಸಾಲುಗಳನ್ನೂ ಮತ್ತೆ ಬರೆಯಬೇಕು. ಫೋಟೊ ತುಂಬಿಸಿ ಇಟ್ಟುಕೊಳ್ಳಲು ಅದು ಅಡ್ಡಿಯಿಲ್ಲ. ಅದರ ಮೇಲೆ ವಿಂಡೋಸ್ ಓಡಿಸಿದರೆ, ಅಪ್‌ಡೇಟ್ ಬಂದ ದಿನ ಈಗಿನ ಹಳೇ ಡಿಸ್ಕ್‌ಗಿಂತಲೂ ನಿಧಾನ ಅನಿಸಬಹುದು.

500 ಜಿಬಿ ಎಸ್‌ಎಸ್‌ಡಿ ತೆಗೆದುಕೊಳ್ಳಿ ಅನ್ನುವುದು ನನ್ನ ಸಲಹೆ. 240 ಜಿಬಿಯದ್ದು ವಿಂಡೋಸ್‌ನಲ್ಲಿ 223 ಅಂತ ಕಾಣುತ್ತದೆ. ನಿಮ್ಮ ಫೋಟೊಗಳೇ 200. ಉಸಿರಾಡಲೂ ಜಾಗ ಇರುವುದಿಲ್ಲ.

ಈಗ ಫೋಟೊಗಳ ಮಾತು. ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುಂಚೆ ಹಳೇ ಡಿಸ್ಕ್‌ನ ಆರೋಗ್ಯ ನೋಡಬೇಕು. CrystalDiskInfo ಅನ್ನುವ ಉಚಿತ ತಂತ್ರಾಂಶ ಹಾಕಿ ತೆರೆಯಿರಿ. ಪಟ್ಟಿಯಲ್ಲಿ Reallocated Sectors Count ಮತ್ತು Current Pending Sector Count ಅಂತ ಎರಡು ಸಾಲು ಹುಡುಕಿ. ಮೊದಲನೆಯದು ಕೆಟ್ಟುಹೋಗಿ ಬದಲಿ ಜಾಗಕ್ಕೆ ಕಳಿಸಿದ ಸೆಕ್ಟರ್‌ಗಳ, ಅಂದರೆ ಡಿಸ್ಕ್‌ನ ಚಿಕ್ಕ ಚಿಕ್ಕ ತುಂಡುಗಳ ಲೆಕ್ಕ. ಎರಡನೆಯದು ಓದಲು ಆಗದೆ ಡಿಸ್ಕ್ ಪೇಚಾಡುತ್ತಿರುವ ಸೆಕ್ಟರ್‌ಗಳ ಲೆಕ್ಕ. ಕೊನೆಯ Raw Values ಕಾಲಂನಲ್ಲಿ ಎರಡೂ ಸೊನ್ನೆ ಇದ್ದರೆ ನಿಶ್ಚಿಂತೆಯಿಂದ ಮುಂದುವರಿಯಿರಿ. ಅಲ್ಲಿನ ಸಂಖ್ಯೆಗಳು ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ಎಣಿಸುವ ಹೆಕ್ಸ್‌ನಲ್ಲಿ ಇರುತ್ತವೆ, ಆದರೆ ಸೊನ್ನೆ ಎಲ್ಲಿದ್ದರೂ ಸೊನ್ನೆಯೇ.

ಅಕ್ಕನ ಡಿಸ್ಕ್‌ನಲ್ಲಿ ಎರಡನೇ ಸಾಲು ಸೊನ್ನೆ ಇರಲಿಲ್ಲ. 18 ಅಂತ ಬರೆದಿತ್ತು, ಅಂದರೆ ನಮ್ಮ ಲೆಕ್ಕದಲ್ಲಿ 24 ಸೆಕ್ಟರ್. ಸಂಖ್ಯೆ ಚಿಕ್ಕದು ಅಂತ ಸುಮ್ಮನಿರುವ ಹಾಗಿಲ್ಲ. ಒಂದೊಂದು ಕೆಟ್ಟ ಸೆಕ್ಟರ್ ಎದುರಾದಾಗಲೂ ಡಿಸ್ಕ್ ಅದನ್ನೇ ಮತ್ತೆ ಮತ್ತೆ ಓದಲು ಯತ್ನಿಸುತ್ತದೆ, ಹಲವು ಸೆಕೆಂಡ್ ಹಾಗೇ ಸ್ತಬ್ಧವಾಗುತ್ತದೆ. ಆಗಾಗ ಮೌಸ್ ಕೂಡ ನಿಂತುಬಿಡುತ್ತದೆ ಅಂತ ಅಕ್ಕ ಹೇಳುತ್ತಿದ್ದುದಕ್ಕೆ ಕಾರಣ ಇದೇ. ಇಂಥ ಡಿಸ್ಕ್‌ನಿಂದ ಮೊದಲ ಕೆಲಸವಾಗಿ ಪೂರ್ತಿ ಕ್ಲೋನ್ ಮಾಡಲು, ಅಂದರೆ ವಿಂಡೋಸ್ ಸಮೇತ ಇಡೀ ಡಿಸ್ಕನ್ನು ಹಾಗೇ ಎಸ್‌ಎಸ್‌ಡಿಗೆ ಕಾಪಿ ಮಾಡಲು ಹೊರಟರೆ, ಅದು ಬೇಡದ ಫೈಲ್‌ಗಳ ಜಾಗದಲ್ಲಿ ಒದ್ದಾಡುತ್ತಾ ಉಳಿದ ಆಯುಷ್ಯ ಕಳೆದುಕೊಳ್ಳಬಹುದು. ಹಾಗಾಗಿ ಮೊದಲು ಫೋಟೊಗಳನ್ನು ಮಾತ್ರ ಹೊರಗಿನ ಡ್ರೈವ್‌ಗೆ ಕಾಪಿ ಮಾಡಿದೆವು. ಮೂರು ಫೋಟೊ ತೆರೆಯಲೇ ಇಲ್ಲ. ಉಳಿದದ್ದೆಲ್ಲ ಸಿಕ್ಕಿತು. ಆಮೇಲೆ ಕ್ಲೋನ್ ಯೋಚನೆ ಬಿಟ್ಟು ವಿಂಡೋಸ್ ಹೊಸದಾಗಿ ಹಾಕಿದೆ.

ನಿಮ್ಮ ಡಿಸ್ಕ್ ಚೆನ್ನಾಗಿದ್ದರೂ ಫೋಟೊಗಳ ಒಂದು ಪ್ರತಿ ಹೊರಗಿನ ಡ್ರೈವ್‌ನಲ್ಲಿ ಇರಲೇಬೇಕು. ಕ್ಲೋನ್ ಮಾಡುವಾಗ ಜನ ಮಾಡುವ ಅತಿ ದೊಡ್ಡ ತಪ್ಪು ಡಿಸ್ಕ್ ಕೆಡುವುದರಿಂದ ಆಗುವುದಲ್ಲ. ಯಾವುದರಿಂದ ಯಾವುದಕ್ಕೆ ಅನ್ನುವುದನ್ನು ಉಲ್ಟಾ ಆರಿಸಿಬಿಡುತ್ತಾರೆ. ಖಾಲಿ ಎಸ್‌ಎಸ್‌ಡಿ ಹಳೇ ಡಿಸ್ಕ್‌ನ ಮೇಲೆ ಕೂತು ಎಲ್ಲಾ ಅಳಿಸಿಹಾಕುತ್ತದೆ. ಎರಡೂ 500 ಜಿಬಿ ಇದ್ದಾಗ ಈ ಗೊಂದಲ ಇನ್ನೂ ಸುಲಭ. ಗಾತ್ರ ನೋಡಬೇಡಿ, ಮಾಡೆಲ್ ಸಂಖ್ಯೆ ನೋಡಿ ಆರಿಸಿ.

ಕ್ಲೋನ್ ಮಾಡುವುದೋ ಹೊಸದಾಗಿ ವಿಂಡೋಸ್ ಹಾಕುವುದೋ ಅನ್ನುವುದಕ್ಕೆ ನನ್ನ ಒಲವು ಹೊಸದಾಗಿ ಹಾಕುವ ಕಡೆಗೇ. ಹತ್ತು ವರ್ಷದ ಕಸವನ್ನು ಹೊಸ ಮನೆಗೆ ಹೊತ್ತುಕೊಂಡು ಹೋಗುವುದು ಯಾಕೆ? ಆದರೆ ಮತ್ತೆ ಹಾಕಲು ಸಿಗದ ಹಳೇ ಅಕೌಂಟಿಂಗ್ ತಂತ್ರಾಂಶವೋ ಪ್ರಿಂಟರ್ ಡ್ರೈವರೋ ಇದ್ದರೆ ಕ್ಲೋನ್ ಮಾಡಿ. ಅದಕ್ಕೆ ಸಾಟಾದಿಂದ ಯುಎಸ್‌ಬಿಗೆ ಹೋಗುವ ಒಂದು ಕೇಬಲ್ ಸಾಕು. ಲ್ಯಾಪ್‌ಟಾಪ್‌ನಲ್ಲಿ ಒಳಗೆ ನೀಲಿ ಬಣ್ಣವಿರುವ ಯುಎಸ್‌ಬಿ ಪೋರ್ಟ್ ಇದ್ದರೆ ಸಾಮಾನ್ಯವಾಗಿ ಅದು ಯುಎಸ್‌ಬಿ 3. ಅದಕ್ಕೇ ಚುಚ್ಚಿ. 280 ಜಿಬಿ ತುಂಬಿದ ಡಿಸ್ಕ್‌ಗೆ ಅದರಲ್ಲಿ ಸುಮಾರು ಒಂದು ಗಂಟೆ, ಯುಎಸ್‌ಬಿ 2ರಲ್ಲಿ ಎರಡೂವರೆ ಗಂಟೆ ಹಿಡಿಯುತ್ತದೆ. ಕ್ಲೋನ್ ಮುಗಿದ ಮೇಲೆ ಮೊದಲ ಸಲ ಬೂಟ್ ಮಾಡುವಾಗ ಹಳೇ ಡಿಸ್ಕ್ ಯಾವ ಪೋರ್ಟ್‌ನಲ್ಲೂ ಇರಬಾರದು. ಎರಡೂ ಡಿಸ್ಕ್‌ಗಳಿಗೆ ಒಂದೇ ಗುರುತಿನ ಸಂಖ್ಯೆ ಇರುವುದರಿಂದ ವಿಂಡೋಸ್ ಗಲಿಬಿಲಿಗೊಂಡು ಒಂದನ್ನು ಆಫ್‌ಲೈನ್ ಮಾಡಬಹುದು.

ಬದಲಾಯಿಸುವ ಕೆಲಸ ನೀವು ಅಂದುಕೊಂಡಷ್ಟು ಕಷ್ಟವಲ್ಲ. ವಿಂಡೋಸ್ ಮುಚ್ಚುವಾಗ `Shift` ಒತ್ತಿಹಿಡಿದು Shut down ಕ್ಲಿಕ್ ಮಾಡಿ, ಆಗ ಅದು ಅರೆನಿದ್ದೆಗೆ ಹೋಗದೆ ಪೂರ್ತಿ ಮುಚ್ಚುತ್ತದೆ. ಚಾರ್ಜರ್ ತೆಗೆಯಿರಿ. ಬ್ಯಾಟರಿ ಹೊರಗಿನಿಂದಲೇ ಬರುವಂಥದ್ದಾದರೆ ಅದನ್ನೂ ತೆಗೆಯಿರಿ. ಒಳಗಿದ್ದರೆ ಹಿಂಬದಿ ಮುಚ್ಚಳ ತೆರೆದ ಕೂಡಲೇ ಅದರ ಕನೆಕ್ಟರ್ ಬಿಡಿಸಿ. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿದರೆ ಉಳಿದ ಕರೆಂಟ್ ಇಳಿದುಹೋಗುತ್ತದೆ. ಹಾರ್ಡ್ ಡಿಸ್ಕ್ ಒಂದು ಲೋಹದ ಚೌಕಟ್ಟಿನಲ್ಲಿ ಕೂತಿರುತ್ತದೆ. ಚೌಕಟ್ಟಿನ ಸ್ಕ್ರೂ ಬಿಚ್ಚಿ, ಡಿಸ್ಕನ್ನು ಮೇಲಕ್ಕೆ ಎತ್ತದೆ ಕನೆಕ್ಟರ್‌ನಿಂದ ಅಡ್ಡಕ್ಕೆ ಎಳೆಯಿರಿ. ಕೆಲವು ಮಾಡೆಲ್‌ಗಳಲ್ಲಿ ಕನೆಕ್ಟರ್ ಬದಲು ತೆಳ್ಳನೆಯ ರಿಬ್ಬನ್ ಕೇಬಲ್ ಇರುತ್ತದೆ. ಅದನ್ನು ಕೇಬಲ್ ಹಿಡಿದು ಎಳೆಯಬೇಡಿ, ತುದಿಯ ಗಟ್ಟಿ ಭಾಗ ಹಿಡಿದೇ ಬಿಡಿಸಿ. ಹರಿದರೆ ಹಳೇ ಮಾಡೆಲ್‌ಗೆ ಆ ಕೇಬಲ್ ಹುಡುಕುವುದು ಎಸ್‌ಎಸ್‌ಡಿ ಹುಡುಕುವುದಕ್ಕಿಂತ ಕಷ್ಟ. ಚೌಕಟ್ಟನ್ನು ಹಳೇ ಡಿಸ್ಕ್‌ನಿಂದ ಬಿಚ್ಚಿ ಎಸ್‌ಎಸ್‌ಡಿಗೆ ಹಾಕಿ, ಬಂದ ದಾರಿಯಲ್ಲೇ ಒಳಗೆ ಕೂರಿಸಿ. ಸ್ಕ್ರೂ ರಂಧ್ರಗಳು ಸರಿಯಾಗಿ ಹೊಂದುತ್ತವೆ.

ಬಯೋಸ್‌ಗೆ ಹೋಗಿ ಸಾಟಾ ಮೋಡ್ `AHCI` ಅಂತ ಇದೆಯಾ ನೋಡಿಕೊಳ್ಳಿ. `IDE` ಅಂತ ಇದ್ದರೆ ಹೊಸದಾಗಿ ವಿಂಡೋಸ್ ಹಾಕುವ ಮುಂಚೆಯೇ ಬದಲಾಯಿಸಿ. ಹಾಕಿದ ಮೇಲೆ ಬದಲಾಯಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತುಬಿಡಬಹುದು. ಎಲ್ಲಾ ಮುಗಿದ ಮೇಲೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಟೈಪ್ ಮಾಡಿ:

```
fsutil behavior query DisableDeleteNotify
```

NTFS ಸಾಲಿನಲ್ಲಿ `0` ಬಂದರೆ ಟ್ರಿಮ್ ಚಾಲೂ ಇದೆ. ನೀವು ಅಳಿಸಿದ ಫೈಲ್‌ಗಳ ಜಾಗ ಖಾಲಿಯಾಯಿತು ಅಂತ ವಿಂಡೋಸ್ ಎಸ್‌ಎಸ್‌ಡಿಗೆ ತಿಳಿಸುವ ವ್ಯವಸ್ಥೆ ಅದು. ಅದಿಲ್ಲದೆ ಎಸ್‌ಎಸ್‌ಡಿ ತಿಂಗಳುಗಳಲ್ಲಿ ಮಂಕಾಗುತ್ತದೆ. ಸಾಮಾನ್ಯವಾಗಿ ತಾನಾಗೇ ಚಾಲೂ ಇರುತ್ತದೆ.

ಇನ್ನು ನೀವು ಕೇಳಿದ ದಿನದ ಬಳಕೆ. ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ಮೊದಲು ಡೆಸ್ಕ್‌ಟಾಪ್ ಕಾಣಲು ಎರಡು ನಿಮಿಷ ಹಿಡಿಯುತ್ತಿತ್ತು. ಆದರೆ ಅದು ಬರೀ ಚಿತ್ರ. ಬ್ರೌಸರ್ ಕ್ಲಿಕ್ ಮಾಡಿದರೆ ಏನೂ ಆಗುತ್ತಿರಲಿಲ್ಲ, ಮತ್ತೆ ಕ್ಲಿಕ್ ಮಾಡಿದರೆ ಆಮೇಲೆ ಒಟ್ಟಿಗೆ ಎರಡು ತೆರೆದುಕೊಳ್ಳುತ್ತಿತ್ತು. ನಿಜವಾಗಿ ಕೆಲಸ ಶುರು ಮಾಡಲು ಆರು ನಿಮಿಷ. ಈಗ ಡೆಸ್ಕ್‌ಟಾಪ್ 20 ಸೆಕೆಂಡಿಗೆ ಬರುತ್ತದೆ, ಬಂದ ಕೂಡಲೇ ಬ್ರೌಸರ್ ಮೂರ್ನಾಲ್ಕು ಸೆಕೆಂಡಿನಲ್ಲಿ ತೆರೆಯುತ್ತದೆ. ನನಗೆ ಹೆಚ್ಚು ಖುಷಿ ಕೊಟ್ಟಿದ್ದು ಬೂಟ್ ಸಮಯವಲ್ಲ, ಈ ಎರಡನೆಯದು. ಹಿನ್ನೆಲೆಯಲ್ಲಿ ಆಂಟಿವೈರಸ್ ಸ್ಕ್ಯಾನ್ ನಡೆಯುತ್ತಿದ್ದರೂ ಅಪ್‌ಡೇಟ್ ಇಳಿಯುತ್ತಿದ್ದರೂ ನಿಮ್ಮ ಕ್ಲಿಕ್‌ಗೆ ಉತ್ತರ ಬರುತ್ತದೆ. ಹಾರ್ಡ್ ಡಿಸ್ಕ್‌ನ ಆ ಒಂದೇ ತೋಳಿಗೆ ಇಬ್ಬರ ಕೆಲಸ ಒಟ್ಟಿಗೆ ಬಂದರೆ ಇಬ್ಬರಿಗೂ ನಿಧಾನ. ಎಸ್‌ಎಸ್‌ಡಿಗೆ ಆ ಪೇಚು ಇಲ್ಲ.

4 ಜಿಬಿ ರ‍್ಯಾಮ್ ಇರುವುದರಿಂದ ನಿಮಗೆ ಇನ್ನೊಂದು ಲಾಭವೂ ಇದೆ. ರ‍್ಯಾಮ್ ತುಂಬಿದಾಗ ವಿಂಡೋಸ್ ಸದ್ಯಕ್ಕೆ ಬೇಡದ್ದನ್ನು ಡಿಸ್ಕ್‌ಗೆ ಇಳಿಸಿ, ಬೇಕಾದಾಗ ಮತ್ತೆ ಎತ್ತಿಕೊಳ್ಳುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ಒಂದು ಟ್ಯಾಬ್‌ನಿಂದ ಇನ್ನೊಂದಕ್ಕೆ ಹೋಗುವಾಗ ಪರದೆ ಬೆಳ್ಳಗಾಗಿ ನಿಲ್ಲುವುದು ಈ ಎತ್ತುವ ಇಳಿಸುವ ಕೆಲಸದಿಂದಲೇ. ಎಸ್‌ಎಸ್‌ಡಿಯಲ್ಲಿ ಅದು ಕ್ಷಣಕಾಲದ ತಡೆಯಾಗಿ ಉಳಿಯುತ್ತದೆ. ಆದರೆ ಹೋಗುವುದಿಲ್ಲ. ಎಸ್‌ಎಸ್‌ಡಿ ಎಷ್ಟೇ ಫಾಸ್ಟ್ ಇದ್ದರೂ ರ‍್ಯಾಮ್‌ಗಿಂತ ಬಹಳ ನಿಧಾನ. ಇಪ್ಪತ್ತು ಮೂವತ್ತು ಟ್ಯಾಬ್ ತೆರೆದಿಡುವ ಅಭ್ಯಾಸ ಇದ್ದರೆ, ಮುಚ್ಚಳ ತೆರೆದಾಗಲೇ ಖಾಲಿ ಸ್ಲಾಟ್ ಇದೆಯಾ ನೋಡಿ ಇನ್ನೊಂದು 4 ಜಿಬಿ ಹಾಕಿಬಿಡಿ. ಎರಡರಲ್ಲಿ ಒಂದಕ್ಕೇ ದುಡ್ಡಿದ್ದರೆ ಮಾತ್ರ ಎಸ್‌ಎಸ್‌ಡಿಯೇ ಮೊದಲು.

ಸದ್ದು ನಿಲ್ಲುತ್ತದೆ. ಆನ್ ಇರುವಾಗಲೇ ಲ್ಯಾಪ್‌ಟಾಪ್ ಎತ್ತಿಕೊಂಡು ಇನ್ನೊಂದು ಕೋಣೆಗೆ ಹೋಗಬಹುದು. ತಿರುಗುವ ತಟ್ಟೆಗೆ ಹೆಡ್ ತಾಗಿ ಗೀರು ಬೀಳುವ ಭಯ ಇಲ್ಲ. ಬ್ಯಾಟರಿ ಮಾತ್ರ ತುಂಬಾ ಹೊತ್ತು ಬರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಕೆಲಸದಲ್ಲಿರುವ ಹಾರ್ಡ್ ಡಿಸ್ಕ್ ತಿನ್ನುವುದು ಎರಡು ವಾಟ್‌ನ ಆಸುಪಾಸು. ಪರದೆ ಮತ್ತು ಪ್ರೊಸೆಸರ್ ಅದಕ್ಕಿಂತ ಜಾಸ್ತಿ ತಿನ್ನುತ್ತವೆ.

ಬದಲಾಗದ ಸಂಗತಿಗಳೂ ಇವೆ. ಇಂಟರ್ನೆಟ್ ವೇಗ ಹಾಗೇ ಇರುತ್ತದೆ. ವಿಡಿಯೋ ಎಡಿಟ್ ಮಾಡಿ ಎಕ್ಸ್‌ಪೋರ್ಟ್ ಕೊಟ್ಟರೆ ಮೊದಲಿನಷ್ಟೇ ಹೊತ್ತು, ಯಾಕೆಂದರೆ ಅದು ಪ್ರೊಸೆಸರ್ ಕೆಲಸ. ಮೇಲಿನ ಪರೀಕ್ಷೆಯನ್ನು ಎಸ್‌ಎಸ್‌ಡಿ ಹಾಕಿದ ಮೇಲೆ ಮತ್ತೊಮ್ಮೆ ಮಾಡಿ ನೋಡಿ. ಡಿಸ್ಕ್ ಶಾಂತವಾಗಿರುತ್ತದೆ, ಬೂಟ್ ಆಗುವ ಹೊತ್ತಿಗೆ ಸಿಪಿಯು 100% ಮುಟ್ಟುತ್ತದೆ. ಗಾಬರಿ ಬೇಡ. ಇಷ್ಟು ದಿನ ಖಾಲಿ ಕೂತಿದ್ದ ಪ್ರೊಸೆಸರ್‌ಗೆ ಈಗ ಪೂರ್ತಿ ಕೆಲಸ ಸಿಗುತ್ತಿದೆ ಅಂತ ಅರ್ಥ. ಹಾಗೆಯೇ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಮತ್ತು ಈ ವಯಸ್ಸಿನ ಐ3 ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಎಸ್‌ಎಸ್‌ಡಿ ಇದನ್ನು ಬದಲಾಯಿಸುವುದಿಲ್ಲ. ಬ್ರೌಸರ್, ಪತ್ರ, ಫೋಟೊ ಇಷ್ಟೇ ನಿಮ್ಮ ಕೆಲಸವಾದರೆ ಹೊಸ ಎಸ್‌ಎಸ್‌ಡಿ ಮೇಲೆ ಲಿನಕ್ಸ್ ಹಾಕುವುದನ್ನು ಯೋಚಿಸಿ, 4 ಜಿಬಿಯಲ್ಲೂ ಹಗುರವಾಗಿ ಓಡುವ ಆವೃತ್ತಿಗಳಿವೆ.

ಎಸ್‌ಎಸ್‌ಡಿ ಬೇಗ ಸವೆದುಹೋಗುತ್ತದೆ ಅನ್ನುವ ಭಯ ನಿಮಗೆ ಯಾರಾದರೂ ಹುಟ್ಟಿಸಬಹುದು. ಡಬ್ಬದ ಮೇಲೋ ಕಂಪನಿಯ ಪುಟದಲ್ಲೋ ಟಿಬಿಡಬ್ಲ್ಯೂ ಅಂತ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಒಟ್ಟು ಎಷ್ಟು ಟೆರಾಬೈಟ್ ಬರೆಯುವ ತನಕ ವಾರಂಟಿ ಅನ್ನುವುದು ಅದು. 160 ಅಂತಿದೆ ಅಂದುಕೊಳ್ಳಿ. ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ 7 ಟಿಬಿ ಚಿಲ್ಲರೆ. ಇಪ್ಪತ್ತು ವರ್ಷ ದಾಟುತ್ತದೆ. ಅಷ್ಟರೊಳಗೆ ಲ್ಯಾಪ್‌ಟಾಪ್‌ನ ಕೀಲುಗಳೇ ಕಳಚಿರುತ್ತವೆ. ಡಿಫ್ರಾಗ್ ತಂತ್ರಾಂಶಗಳನ್ನು ಮಾತ್ರ ಓಡಿಸಬೇಡಿ. ಚದುರಿದ್ದನ್ನು ಜೋಡಿಸುವುದರಿಂದ ಇಲ್ಲಿ ಏನೂ ಲಾಭವಿಲ್ಲ. ವಿಂಡೋಸ್‌ನ Optimize Drives ಎಸ್‌ಎಸ್‌ಡಿಯನ್ನು ಗುರುತಿಸಿ ತಾನೇ ಟ್ರಿಮ್ ಕಳಿಸುತ್ತದೆ, ಅದನ್ನು ಅದರ ಪಾಡಿಗೆ ಬಿಡಿ.

ನನಗೆ ನಿಜವಾಗಿ ಚಿಂತೆ ಇರುವುದು ಬೇರೆ ಎರಡು ವಿಷಯಗಳ ಬಗ್ಗೆ. ಒಂದು, ಪೂರ್ತಿ ತುಂಬಿಸುವುದು. ಎಸ್‌ಎಸ್‌ಡಿ ಹೊಸದನ್ನು ಬರೆಯುವ ಮುಂಚೆ ಹಳೇ ಬ್ಲಾಕ್ ಅಳಿಸಬೇಕು, ಅದಕ್ಕೆ ಆಡಲು ಖಾಲಿ ಜಾಗ ಬೇಕು. ಐದರಲ್ಲಿ ಒಂದು ಭಾಗ ಖಾಲಿ ಬಿಡುವುದು ಒಳ್ಳೆಯದು. ಅಗ್ಗದ ಎಸ್‌ಎಸ್‌ಡಿಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ದೊಡ್ಡ ಫೋಲ್ಡರ್ ಕಾಪಿ ಮಾಡುವಾಗ ಮೊದಲು 400 ಎಂಬಿ ವೇಗ ತೋರಿಸಿ, ಸ್ವಲ್ಪ ಹೊತ್ತಾದ ಮೇಲೆ 80ಕ್ಕೋ 60ಕ್ಕೋ ಕುಸಿದರೆ ಡ್ರೈವ್ ಕೆಟ್ಟಿದೆ ಅಂತ ಅಲ್ಲ. ಬೇಗ ಬರೆಯಲು ಮೀಸಲಿಟ್ಟ ಜಾಗ ತುಂಬಿ, ಚಿಪ್‌ನ ಅಸಲಿ ವೇಗ ಈಗ ಕಾಣುತ್ತಿದೆ ಅಷ್ಟೇ. ತುಂಬಿದ ಡ್ರೈವ್‌ನಲ್ಲಿ ಆ ಮೀಸಲು ಜಾಗವೂ ಕಿರಿದಾಗುತ್ತದೆ.

ಎರಡನೆಯದು ನಿಮ್ಮ ಫೋಟೊಗಳಿಗೆ ನೇರವಾಗಿ ಸಂಬಂಧಿಸಿದ್ದು. ಹಾರ್ಡ್ ಡಿಸ್ಕ್ ಎಷ್ಟೋ ಸಲ ಸೂಚನೆ ಕೊಟ್ಟು ಕೆಡುತ್ತದೆ. ಸದ್ದು ಬದಲಾಗುತ್ತದೆ, ನಿಧಾನವಾಗುತ್ತದೆ, ಆ ಪೆಂಡಿಂಗ್ ಸೆಕ್ಟರ್‌ಗಳು ಏರುತ್ತವೆ. ಅಕ್ಕನಿಗೆ ಫೋಟೊ ಎತ್ತಿಕೊಳ್ಳಲು ಹೊತ್ತು ಸಿಕ್ಕಿದ್ದು ಹಾಗೆ. ಎಸ್‌ಎಸ್‌ಡಿ ಹೋಗುವಾಗ ಎಷ್ಟೋ ಸಲ ನಿನ್ನೆ ಚೆನ್ನಾಗಿತ್ತು, ಇವತ್ತು ಬಯೋಸ್‌ನಲ್ಲೇ ಕಾಣುತ್ತಿಲ್ಲ ಅನ್ನುವ ಹಾಗೆ ಹೋಗುತ್ತದೆ. ಜೊತೆಗೆ ಟ್ರಿಮ್ ಇರುವುದರಿಂದ, ತಪ್ಪಿ ಅಳಿಸಿ ರೀಸೈಕಲ್ ಬಿನ್ ಖಾಲಿ ಮಾಡಿದ ಫೋಟೊವನ್ನು ಸಾಫ್ಟ್‌ವೇರ್‌ನಿಂದ ವಾಪಸ್ ತರುವುದು ಹೆಚ್ಚು ಕಡಿಮೆ ಅಸಾಧ್ಯ. ಹಾರ್ಡ್ ಡಿಸ್ಕ್‌ನಲ್ಲಿ ಆ ಅವಕಾಶ ಇತ್ತು. ಅಂದರೆ ಎಸ್‌ಎಸ್‌ಡಿ ಹಾಕಿದ ದಿನದಿಂದ ನಿಮ್ಮ ಬ್ಯಾಕಪ್ ಅಭ್ಯಾಸ ಮೊದಲಿಗಿಂತ ಬಿಗಿಯಾಗಬೇಕು. ಹಳೇ ಲ್ಯಾಪ್‌ಟಾಪ್‌ನ ಬ್ಯಾಟರಿ ಸತ್ತಿದ್ದು, ಕರೆಂಟ್ ಹೋದ ಕೂಡಲೇ ಆರಿಹೋಗುತ್ತಿದ್ದರೆ ಇನ್ನೂ ಎಚ್ಚರ ಬೇಕು. ಬರೆಯುವ ನಡುವೆ ಕರೆಂಟ್ ಕಡಿದುಹೋಗುವುದು ಯಾವ ಡ್ರೈವ್‌ಗೂ ಒಳ್ಳೆಯದಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ನೀವು ಕೊಳ್ಳಬೇಕೆಂದಿದ್ದ 1 ಟಿಬಿ ಹಾರ್ಡ್ ಡಿಸ್ಕ್ ಕೊಳ್ಳಿ, ಆದರೆ ಲ್ಯಾಪ್‌ಟಾಪ್ ಒಳಗೆ ಹಾಕಲು ಅಲ್ಲ, ಯುಎಸ್‌ಬಿ ಡ್ರೈವ್ ಆಗಿ ಹೊರಗೆ ಇಟ್ಟುಕೊಳ್ಳಲು. ಫೋಟೊಗಳ ಒಂದು ಪ್ರತಿ ಎಸ್‌ಎಸ್‌ಡಿಯಲ್ಲಿ, ಇನ್ನೊಂದು ಅದರಲ್ಲಿ. ತಿಂಗಳಿಗೊಮ್ಮೆ ಚುಚ್ಚಿ ಹೊಸ ಫೋಟೊ ಸೇರಿಸಿ. ವರ್ಷಗಟ್ಟಲೆ ಬೀರುವಿನಲ್ಲಿ ಇಡುವ ಪ್ರತಿಗೆ ಹಾರ್ಡ್ ಡಿಸ್ಕೇ ಸರಿ, ಯಾಕೆಂದರೆ ಎಸ್‌ಎಸ್‌ಡಿ ತುಂಬಾ ಕಾಲ ಕರೆಂಟ್ ಇಲ್ಲದೆ ಬಿದ್ದಿದ್ದರೆ ಚಿಪ್‌ನಲ್ಲಿ ಹಿಡಿದಿಟ್ಟ ಚಾರ್ಜ್ ಮೆಲ್ಲಗೆ ಸೋರಿಹೋಗುತ್ತದೆ. ಲ್ಯಾಪ್‌ಟಾಪ್‌ನಿಂದ ತೆಗೆದ ಹಳೇ 500 ಜಿಬಿ ಡಿಸ್ಕನ್ನು ಒಂದು ತಿಂಗಳು ಮುಟ್ಟದೆ ಎತ್ತಿಡಿ. ಹೊಸ ವಿಂಡೋಸ್‌ನಲ್ಲಿ ಕೆಲಸ ಮಾಡುತ್ತಾ ಮಾಡುತ್ತಾ ಅಯ್ಯೋ ಆ ಫೈಲ್ ಮರೆತೆ ಅಂತ ನೆನಪಾಗುವುದು ಸಾಮಾನ್ಯವಾಗಿ ಎರಡನೇ ವಾರದಲ್ಲಿ. ಆಗ ಅದೇ ಯುಎಸ್‌ಬಿ ಕೇಬಲ್‌ಗೆ ಹಳೇ ಡಿಸ್ಕ್ ಚುಚ್ಚಿ ಎತ್ತಿಕೊಳ್ಳಬಹುದು.